‘ರಿವ್ಯೂ’ ಅಂತ ಒಂದೇ ಪದ, ಜೊತೆಗೆ ಇಪ್ಪತ್ತೆಂಟು ಪ್ರಶ್ನೆ

ಅಕ್ಕನ ಮಗಳು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮದ್ದೂರು ತಾಲ್ಲೂಕಿನಲ್ಲಿ ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ, ಕೊನೆ ಭಾಗದ ಎರಡು ಊರು ಆರಿಸಿಕೊಂಡಿದ್ದಾಳೆ. ಕನ್ನಂಬಾಡಿಯಲ್ಲಿ ಬಿಟ್ಟ ನೀರು ನಾಲೆಯ ತುದಿಯ ಗದ್ದೆಗಳಿಗೆ ಹೇಗೆ ತಲುಪುತ್ತದೆ, ತಲುಪದಿದ್ದಾಗ ಜನ ಏನು ಮಾಡುತ್ತಾರೆ ಅನ್ನುವುದು ಅವಳ ವಿಷಯ. ಒಂದು ಸಂಜೆ ವಾಟ್ಸಾಪಿನಲ್ಲಿ ಪ್ರಶ್ನಾವಳಿಯ ಕರಡು ಬಂತು. ಇಪ್ಪತ್ತೆಂಟು ಪ್ರಶ್ನೆ. ಕೆಳಗೆ ಒಂದೇ ಪದ: ‘ರಿವ್ಯೂ’.

ನಾನು ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಹಲವು ವರ್ಷ ಮನೆ ಮನೆ ಸರ್ವೆ ಮಾಡಿದವನು. ಕರಡು ಬಂದ ಕೂಡಲೇ ಕಾಗುಣಿತ ತಿದ್ದಲು ಕೂರುವ ಚಟ ನನಗೂ ಇತ್ತು. ಈಗ ಇಲ್ಲ. ‘ರಿವ್ಯೂ’ ಅಂದರೆ ಏನು ಮಾಡಬೇಕು ಅಂತ ಆ ಪದ ಹೇಳುವುದಿಲ್ಲ. ಅಕ್ಷರ ತಪ್ಪು ನೋಡಬೇಕಾ, ಪ್ರಶ್ನೆ ಜಾಸ್ತಿಯಾಯಿತಾ ಅಂತ ಹೇಳಬೇಕಾ, ಬರುವ ಉತ್ತರವನ್ನು ನಂಬಬಹುದಾ ಅಂತ ನೋಡಬೇಕಾ? ಅದಕ್ಕೇ ಫೋನ್ ಮಾಡಿ ಮೊದಲು ಮೂರು ವಿಷಯ ಕೇಳಿದೆ. ಈ ಪ್ರಶ್ನೆಗಳಿಂದ ಕೊನೆಗೆ ನೀನು ಬರೆಯಬೇಕಾದ ಒಂದು ವಾಕ್ಯ ಯಾವುದು? ಯಾರನ್ನು ಕೇಳುತ್ತೀಯಾ? ಅವರೇ ಓದಿ ತುಂಬುತ್ತಾರಾ, ಇಲ್ಲಾ ನೀನು ಓದಿ ಹೇಳಿ ಬರೆದುಕೊಳ್ಳುತ್ತೀಯಾ?

“ನಾನೇ ಓದ್ತೀನಿ ಮಾವ. ಜೊತೆಗೆ ಇಬ್ಬರು ಫ್ರೆಂಡ್ಸ್ ಇರ್ತಾರೆ” ಅಂದಳು. ಇದು ದೊಡ್ಡ ವಿಷಯ. ಕಣ್ಣಿಗೆ ಸರಿ ಕಾಣುವ ವಾಕ್ಯ ಕಿವಿಗೆ ಸರಿ ಕೇಳದೆ ಇರಬಹುದು. ಮೂರು ಜನ ಮೂರು ರೀತಿ ಓದಬಹುದು. ಹಾಗಾಗಿ ಕರಡನ್ನು ನಾನು ಮೊದಲು ಗಟ್ಟಿಯಾಗಿ ಓದಿದೆ. ಪೆನ್ನು ಹಿಡಿದದ್ದು ಆಮೇಲೆ.

ಎಲ್ಲಾ ಇಪ್ಪತ್ತೆಂಟರ ಕಥೆ ಇಲ್ಲಿ ಬೇಡ. ಏಳನೆಯದು ಒಂದನ್ನೇ ಪೂರ್ತಿ ಬಿಚ್ಚುತ್ತೇನೆ, ಯಾಕೆಂದರೆ ಒಂದು ಕಡೆಗೆ ವಾಲುವುದು, ಒಂದರಲ್ಲೇ ಹಲವು ಕೇಳುವುದು, ಅಸ್ಪಷ್ಟತೆ, ಈ ಮೂರು ತಪ್ಪೂ ಅದರಲ್ಲಿ ಒಟ್ಟಿಗೇ ಇದ್ದವು:

“ವಿ.ಸಿ. ನಾಲೆಯ ನೀರು ಸಕಾಲಕ್ಕೆ ಮತ್ತು ಸಾಕಷ್ಟು ಪ್ರಮಾಣದಲ್ಲಿ ಬಾರದೆ ನಿಮ್ಮ ಬೆಳೆಗೆ ತೊಂದರೆಯಾಗುತ್ತಿದೆ ಅಲ್ಲವೇ? ಹೌದು / ಇಲ್ಲ.”

ಓದಿದರೆ ತಪ್ಪೇನೂ ಕಾಣುವುದಿಲ್ಲ. ಒಳ್ಳೆ ಕನ್ನಡ. ಕಾಳಜಿಯೂ ಇದೆ. ತೊಂದರೆ ಇರುವುದೇ ಆ ಕಾಳಜಿಯಲ್ಲಿ.

ಮೊದಲು ಕೊನೆಯ ಪದ, ‘ಅಲ್ಲವೇ’. ಇದು ಉತ್ತರವನ್ನು ಕೇಳುವವರೇ ಬಾಯಿಗೆ ಇಡುವ ಪ್ರಶ್ನೆ. ಸರ್ವೆ ಮಾಡುವವರು ಇದಕ್ಕೆ ಲೀಡಿಂಗ್ ಪ್ರಶ್ನೆ ಅನ್ನುತ್ತಾರೆ. ಮಾತಿನಲ್ಲಿ ನಾವು ‘ಅಲ್ವಾ’ ಅನ್ನುವುದು ಎದುರಿಗಿರುವವರು ಒಪ್ಪಲಿ ಅಂತಲೇ. ಒಂದು ಹುಡುಗಿ ಮೈಸೂರಿನಿಂದ ಬಸ್ಸು ಹತ್ತಿ ಬಂದಿದ್ದಾಳೆ. ಜಗುಲಿ ಮೇಲೆ ಕೂರಿಸಿ ಕಾಫಿ ಕೊಟ್ಟಿದ್ದಾರೆ. “ತೊಂದರೆ ಆಗ್ತಾ ಇದೆ ಅಲ್ವಾ?” ಅಂತ ಕೇಳಿದರೆ “ಇಲ್ಲವ್ವ, ನಮಗೇನೂ ತೊಂದರೆಯಿಲ್ಲ” ಅನ್ನುವುದು ಅವಳ ಮಾತನ್ನು ತೆಗೆದುಹಾಕಿದ ಹಾಗೆ. ಜೊತೆಗೆ ಇನ್ನೊಂದು ಲೆಕ್ಕವೂ ಇರುತ್ತದೆ. ಸರ್ವೆಗೆ ಬಂದವರು ಯಾರ ಕಡೆಯವರೋ, ಕಷ್ಟ ಹೇಳಿಕೊಂಡರೆ ನಾಳೆ ಏನಾದರೂ ಒಳ್ಳೆಯದಾಗಬಹುದು ಅನ್ನುವ ಆಸೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆಗ ಬರುವ ‘ಹೌದು’ಗಳನ್ನು ಎಣಿಸಿದರೆ ನಾಲೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಊರಿನವರ ಮರ್ಯಾದೆಯ ಬಗ್ಗೆ ತಿಳಿಯುತ್ತದೆ, ಅಷ್ಟೇ.

ಇಂಥ ಪ್ರಶ್ನೆಯನ್ನು ಹಿಡಿಯಲು ನಾನು ಮಾಡುವುದು ಒಂದೇ ಕೆಲಸ. ಉತ್ತರ ಹೇಳುವವರ ಜಾಗದಲ್ಲಿ ಕೂತು, ಕೇಳುವವರಿಗೆ ಯಾವ ಉತ್ತರ ಇಷ್ಟ ಅಂತ ಊಹಿಸುತ್ತೇನೆ. ಊಹೆ ಸಲೀಸಾಗಿ ಸಿಕ್ಕಿತು ಅಂದರೆ ಪ್ರಶ್ನೆ ವಾಲಿದೆ. ಆಮೇಲೆ ಅದನ್ನೇ ತಿರುಗಿಸಿ ಬರೆದು ನೋಡುತ್ತೇನೆ: “ನಾಲೆ ನೀರು ಸರಿಯಾಗಿ ಬಂದು ನಿಮ್ಮ ಬೆಳೆ ಚೆನ್ನಾಗಿದೆ ಅಲ್ಲವೇ?” ಇದನ್ನು ಕೇಳಲು ಅವಳಿಗೆ ಮುಜುಗರವಾಗುತ್ತದಾ? ಹಾಗಾದರೆ ಮೊದಲಿನದೂ ಅಷ್ಟೇ ತಪ್ಪು.

‘ಅಲ್ಲವೇ’ ತೆಗೆದುಬಿಟ್ಟರೆ ಸಾಕು ಅಂತ ಅನ್ನಿಸಬಹುದು. ಸಾಲದು. ಒಂದೇ ಒಂದು ಪದ ಬದಲಾದರೂ ಉತ್ತರ ಎಷ್ಟು ಬದಲಾಗುತ್ತದೆ ಅಂತ ತೋರಿಸಲು ಹಳೆಯದೊಂದು ಉದಾಹರಣೆ ಇದೆ. ಡೊನಾಲ್ಡ್ ರಗ್ ಅನ್ನುವವರು 1941ರಲ್ಲಿ ಪ್ರಕಟಿಸಿದ್ದು. ಪ್ರಜಾಪ್ರಭುತ್ವದ ವಿರುದ್ಧ ಸಾರ್ವಜನಿಕ ಭಾಷಣ ಮಾಡಲು ಅಮೆರಿಕದಲ್ಲಿ ‘ಅವಕಾಶ ಕೊಡಬೇಕಾ’ ಅಂತ ಒಂದು ಗುಂಪನ್ನು ಕೇಳಿದರು. ಅಂಥ ಭಾಷಣವನ್ನು ‘ನಿಷೇಧಿಸಬೇಕಾ’ ಅಂತ ಇನ್ನೊಂದು ಗುಂಪನ್ನು ಕೇಳಿದರು. ಅವಕಾಶ ಕೊಡಬಾರದು ಅಂದವರು ನೂರಕ್ಕೆ 62. ನಿಷೇಧಿಸಬೇಕು ಅಂದವರು ನೂರಕ್ಕೆ 46. ಯೋಚಿಸಿದರೆ ಎರಡೂ ಒಂದೇ ಮಾತು. ಆದರೆ ‘ನಿಷೇಧ’ ಅನ್ನುವುದು ಭಾರವಾದ ಪದ, ಅದಕ್ಕೆ ಕೈ ಎತ್ತಲು ಜನ ಹಿಂಜರಿದರು. ನಮ್ಮ ಏಳನೇ ಪ್ರಶ್ನೆಯ ‘ತೊಂದರೆ’ಯೂ ಅಂಥದ್ದೇ. ಆ ಪದ ಬಂದ ಕೂಡಲೇ ಮನಸ್ಸು ತೊಂದರೆಗಳನ್ನು ಹುಡುಕಲು ಶುರು ಮಾಡುತ್ತದೆ.

ವಾಲುವುದು ಪ್ರಶ್ನೆಯಲ್ಲೇ ಇರಬೇಕು ಅಂತಲೂ ಇಲ್ಲ, ಉತ್ತರಗಳಲ್ಲಿ ಇರಬಹುದು. ಅವಳ ಹನ್ನೊಂದನೇ ಪ್ರಶ್ನೆ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಕೆಲಸದ ಬಗ್ಗೆ. ಪ್ರಶ್ನೆ ನೆಟ್ಟಗಿತ್ತು. ಕೊಟ್ಟಿದ್ದ ಉತ್ತರಗಳು: ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ. ಎಣಿಸಿ ನೋಡಿ. ಒಳ್ಳೆಯ ಕಡೆಗೆ ಮೂರು, ಕೆಟ್ಟ ಕಡೆಗೆ ಒಂದೇ. ನಮ್ಮ ಕಡೆ ‘ಪರವಾಗಿಲ್ಲ’ ಅಂದರೆ ನಡುವೆ ಅಲ್ಲ, ಒಳ್ಳೆಯ ಕಡೆಗೇ ಸ್ವಲ್ಪ ಜಾಸ್ತಿ. ಎರಡು ಕಡೆಗೂ ಎರಡೆರಡು ಇರಲಿ, ನಡುವೆ ‘ಚೆನ್ನಾಗಿಯೂ ಇಲ್ಲ, ಕೆಟ್ಟದಾಗಿಯೂ ಇಲ್ಲ’ ಅಂತ ಒಂದು ಇರಲಿ, ಪಕ್ಕದಲ್ಲಿ ‘ಗೊತ್ತಿಲ್ಲ’ ಬೇರೆಯಾಗಿ ಇರಲಿ ಅಂತ ಬರೆದೆ.

ಈಗ ಏಳನೆಯದರ ಎರಡನೇ ತಪ್ಪು. ಒಂದೇ ಪ್ರಶ್ನೆಯ ಒಳಗೆ ಹಲವು ಪ್ರಶ್ನೆಗಳಿವೆ. ಇದರ ಇಂಗ್ಲಿಷ್ ಹೆಸರು ಡಬಲ್ ಬ್ಯಾರೆಲ್ಡ್, ಜೋಡಿ ನಳಿಗೆಯ ಕೋವಿಯಿಂದ ಬಂದದ್ದು. ನಾನು ಜೋಡಿ ಪ್ರಶ್ನೆ ಅನ್ನುತ್ತೇನೆ. ಒಂದೇ ನೊಗಕ್ಕೆ ಎರಡು ಎತ್ತು ಕಟ್ಟಿದ್ದೀರಿ, ಒಂದು ಎಳೆಯುತ್ತದೆ, ಇನ್ನೊಂದು ನಿಂತಿದೆ. ಗಾಡಿ ಹೊರಟಿತಾ ಅಂದರೆ ಏನು ಹೇಳುವುದು?

ನಾಲೆಯ ತುದಿಯಲ್ಲಿ ಗದ್ದೆ ಇರುವ ಒಬ್ಬ ರೈತರನ್ನು ನೆನೆಸಿಕೊಳ್ಳಿ. ನೀರು ಬಂತು, ಬೇಕಾದಷ್ಟು ಬಂತು, ಆದರೆ ಹದಿನೈದು ದಿನ ತಡವಾಗಿ ಬಂತು. ಪಕ್ಕದ ಗದ್ದೆಯವರಿಗೆ ಒಟ್ಲು ಬಿಡುವ ಹೊತ್ತಿಗೇ ನೀರು ಸಿಕ್ಕಿತು, ಆದರೆ ತೆನೆ ಕಟ್ಟುವಾಗ ಸಾಲಲಿಲ್ಲ. ಮೂರನೆಯವರಿಗೆ ಎರಡೂ ಸರಿಯಿರಲಿಲ್ಲ, ಆದರೆ ಬೋರ್‌ವೆಲ್ ಇತ್ತು, ಬೆಳೆಗೆ ಏನೂ ಆಗಲಿಲ್ಲ. ನಾಲ್ಕನೆಯವರ ಬೆಳೆ ಹೋಯಿತು, ಆದರೆ ಅದು ರೋಗದಿಂದ. ನಾಲ್ಕೂ ಜನ ಏಳನೇ ಪ್ರಶ್ನೆಗೆ ‘ಹೌದು’ ಅನ್ನಬಹುದು, ‘ಇಲ್ಲ’ ಅನ್ನಲೂಬಹುದು. ಅವರು ಸುಳ್ಳು ಹೇಳುತ್ತಿಲ್ಲ. ನಮಗೆ ಮಾತ್ರ ಯಾವ ಭಾಗಕ್ಕೆ ‘ಹೌದು’ ಅಂದರು ಅಂತ ಗೊತ್ತಾಗುವುದೇ ಇಲ್ಲ, ಮತ್ತೆ ಅದೇ ಮನೆಗೆ ಹೋಗಿ ಕೇಳುವ ತನಕ.

ಹುಡುಗಿ ಕೇಳಿದಳು, “ಹಾಗಾದ್ರೆ ‘ಮತ್ತು’ ಇದ್ದ ಕಡೆಯೆಲ್ಲ ತೆಗೆದುಬಿಡ್ಲಾ?” ಬೇಡ ಅಂದೆ. ‘ಮತ್ತು’, ‘ಹಾಗೂ’, ‘ಅಥವಾ’ ಕಂಡ ಕಡೆ ನಿಂತು ನೋಡಬೇಕು, ಸರಿ. ಆದರೆ “ಬೀಜ ಮತ್ತು ಗೊಬ್ಬರಕ್ಕೆ ಒಟ್ಟು ಎಷ್ಟು ಖರ್ಚಾಯಿತು?” ಅನ್ನುವುದು ಜೋಡಿ ಪ್ರಶ್ನೆ ಅಲ್ಲ. ಕೇಳಿದ್ದು ಒಂದು ಮೊತ್ತ. ಆದರೂ ಬೇರೆ ಬೇರೆ ಕೇಳಿದರೆ ನೆನಪು ಸರಿಯಾಗಿ ಬರುತ್ತದೆ ಅನ್ನುವುದು ಇನ್ನೊಂದು ಮಾತು. ಅದೇ, ‘ಮತ್ತು’ ಇಲ್ಲದ ಜೋಡಿ ಪ್ರಶ್ನೆಗಳೂ ಇವೆ, ಅವು ಹೆಚ್ಚು ಕಷ್ಟ. ಅವಳ ಹದಿನೇಳನೆಯದು ಹೀಗಿತ್ತು: “ನೀರಿನ ಅಭಾವದಿಂದ ಭತ್ತ ಬಿಟ್ಟು ಕಬ್ಬಿಗೆ ಹೋದಿರಾ?” ಇಲ್ಲಿ ಸಂಗತಿ ಒಂದು, ಕಾರಣ ಒಂದು. ಭತ್ತ ಬಿಟ್ಟದ್ದು ನಿಜ, ಆದರೆ ನಾಟಿಗೆ ಆಳು ಸಿಗದೆ ಬಿಟ್ಟದ್ದು ಅಂದರೆ? ಕನ್ನಡದಲ್ಲಿ ‘-ಇಂದ’, ‘-ದೆ’, ‘-ದ್ದರಿಂದ’ ಇವೆಲ್ಲ ಕಾರಣವನ್ನು ಸದ್ದಿಲ್ಲದೆ ಒಳಗೆ ಸೇರಿಸುತ್ತವೆ. ಏಳನೆಯದರ ‘ಬಾರದೆ’ ಕೂಡ ಹಾಗೇ ನುಸುಳಿದ್ದು. ಸಂಗತಿಯನ್ನು ಮೊದಲು ಕೇಳಿ. ಆಗಿದೆ ಅಂದರೆ ಮಾತ್ರ ಯಾಕೆ ಅಂತ ಕೇಳಿ. ಆ ‘ಯಾಕೆ’ಗೆ ಉತ್ತರಗಳನ್ನು ನೀವೇ ಓದಿ ಹೇಳಬೇಡಿ. ಅವರು ಹೇಳಿದ್ದನ್ನು ಕೇಳಿ ಬರೆದುಕೊಳ್ಳಿ.

ಜೋಡಿ ಪ್ರಶ್ನೆಗೆ ನನ್ನ ಪರೀಕ್ಷೆ ಇಷ್ಟೇ: ಅರ್ಧಕ್ಕೆ ಹೌದು, ಅರ್ಧಕ್ಕೆ ಇಲ್ಲ ಅನ್ನುವಂಥ ಒಬ್ಬ ಮನುಷ್ಯನನ್ನು ನಾನು ಕಲ್ಪಿಸಿಕೊಳ್ಳಬಲ್ಲೆನಾ? ಆ ಮನುಷ್ಯ ಆ ಊರಿನಲ್ಲಿ ಇರುವ ಸಾಧ್ಯತೆ ಇದ್ದರೆ ಪ್ರಶ್ನೆಯನ್ನು ಒಡೆಯಬೇಕು.

ಮೂರನೇ ತಪ್ಪು, ಅಸ್ಪಷ್ಟತೆ. ನನಗೆ ಹೆಚ್ಚು ಭಯ ಇರುವುದು ಇದರ ಬಗ್ಗೆಯೇ. ವಾಲಿದ ಪ್ರಶ್ನೆಯನ್ನು, ಜೋಡಿ ಪ್ರಶ್ನೆಯನ್ನು ಮನೆಯಲ್ಲಿ ಕೂತು ಹಿಡಿಯಬಹುದು. ಅಸ್ಪಷ್ಟ ಪ್ರಶ್ನೆ ಬರೆದವರಿಗೆ ಯಾವಾಗಲೂ ಸ್ಪಷ್ಟವಾಗಿಯೇ ಕಾಣುತ್ತದೆ.

ಏಳನೆಯದರಲ್ಲಿ ‘ಸಕಾಲ’ ಅಂದರೆ ಯಾವ ಕಾಲ? ಭತ್ತಕ್ಕೆ ಒಂದು, ಕಬ್ಬಿಗೆ ಒಂದು. ‘ಸಾಕಷ್ಟು’ ಅಂದರೆ ಯಾರ ಲೆಕ್ಕದಲ್ಲಿ? ‘ಆಗುತ್ತಿದೆ’ ಅಂದರೆ ಈ ವರ್ಷವಾ, ಹತ್ತು ವರ್ಷದಿಂದಲಾ? ಮಳೆ ಚೆನ್ನಾಗಿ ಬಿದ್ದು ಅಣೆಕಟ್ಟೆ ತುಂಬಿದ ವರ್ಷವನ್ನು ಒಬ್ಬರು ನೆನೆಸಿಕೊಳ್ಳುತ್ತಾರೆ, ಬರಗಾಲದ ವರ್ಷವನ್ನು ಇನ್ನೊಬ್ಬರು. ಕೆಟ್ಟ ವರ್ಷ ನೆನಪಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ ಬೇರೆ.

ಮತ್ತೆ ‘ನೀವು’, ‘ನಿಮ್ಮ’. ಇದನ್ನು ನಾನು ಕಲಿಯಲು ಬಹಳ ಕಾಲ ಬೇಕಾಯಿತು. ನಾವು ಮರ್ಯಾದೆಗೂ ‘ನೀವು’ ಅನ್ನುತ್ತೇವೆ, ಬಹಳ ಜನರಿಗೂ ‘ನೀವು’ ಅನ್ನುತ್ತೇವೆ. “ನೀವು ಬೇಸಾಯ ಮಾಡುತ್ತೀರಾ?” ಅಂತ ಮನೆಯ ಹೆಂಗಸನ್ನು ಕೇಳಿದರೆ ಒಬ್ಬರು “ಹೂಂ, ಮಾಡ್ತೀವಿ” ಅನ್ನುತ್ತಾರೆ, ಮನೆಯವರೆಲ್ಲ ಸೇರಿ ಅನ್ನುವ ಅರ್ಥದಲ್ಲಿ. ಇನ್ನೊಬ್ಬರು ಬೆಳಗಿನಿಂದ ಸಂಜೆ ತನಕ ಕಳೆ ಕಿತ್ತು ಬಂದಿದ್ದರೂ “ಇಲ್ಲ, ನಮ್ಮನೆಯವರು ಮಾಡ್ತಾರೆ” ಅನ್ನುತ್ತಾರೆ. ಹಾಗಾಗಿ ಆ ಒಬ್ಬರ ಬಗ್ಗೆಯೇ ಕೇಳುವುದಾದರೆ “ನೀವು ಖುದ್ದಾಗಿ” ಅಂತ ಬರೆಯಬೇಕು. ಮನೆಯನ್ನು ಕೇಳುವುದಾದರೆ “ನಿಮ್ಮ ಮನೆಯಲ್ಲಿ ಯಾರಾದರೂ” ಅನ್ನಬೇಕು. ‘ಮನೆ’ ಅನ್ನುವುದಕ್ಕೂ ಒಂದು ಗೆರೆ ಬೇಕು. ದೊಡ್ಡ ಸರ್ಕಾರಿ ಸರ್ವೆಗಳು ಒಂದೇ ಅಡುಗೆಯಲ್ಲಿ ಊಟ ಮಾಡುವವರನ್ನು ಒಂದು ಮನೆ ಅಂತ ಎಣಿಸುತ್ತವೆ. ಒಂದೇ ಸೂರಿನಡಿ ಇದ್ದೂ ಅಣ್ಣ ತಮ್ಮಂದಿರು ಬೇರೆ ಒಲೆ ಹಚ್ಚಿದ್ದರೆ ಅವು ಎರಡು ಮನೆ.

ಊರಿನ ಪದಗಳದು ಬೇರೆಯೇ ಕಥೆ. ಹದಿನಾಲ್ಕನೇ ಪ್ರಶ್ನೆ: “ನೀವು ಸೊಸೈಟಿ ಸದಸ್ಯರೇ?” ಅವಳ ಮನಸ್ಸಿನಲ್ಲಿ ಇದ್ದದ್ದು ನೀರು ಬಳಕೆದಾರರ ಸಂಘ. ನಮ್ಮ ಕಡೆ ಸೊಸೈಟಿ ಅಂದರೆ ಸಾಲ, ಗೊಬ್ಬರ ಕೊಡುವ ಸೊಸೈಟಿ. ಅಕ್ಕಿ ಕೊಡುವ ಅಂಗಡಿಗೂ ಸೊಸೈಟಿ ಅನ್ನುತ್ತಾರೆ. ಹಾಲು ಹಾಕುವವರು ಡೈರಿಯನ್ನು ನೆನೆಸಿಕೊಂಡಾರು. ಇನ್ನೊಂದು ಕಡೆ ‘ವಾರ’ ಅಂತ ಬರೆದಿದ್ದಳು: “ವಾರಕ್ಕೆ ಎಷ್ಟು ಜಮೀನಿಗೆ ನೀರು ಹಾಯಿಸುತ್ತೀರಿ?” ಏಳು ದಿನದ ವಾರ ಅವಳ ಲೆಕ್ಕ. ಆದರೆ ಊರಿನಲ್ಲಿ ‘ವಾರಕ್ಕೆ ಮಾಡುವುದು’ ಅಂದರೆ ಬೇರೆಯವರ ಜಮೀನನ್ನು ಫಸಲಿನ ಪಾಲಿಗೆ ಮಾಡುವುದು. ಎರಡು ಎಕರೆ ವಾರಕ್ಕೆ ಮಾಡುವವರು “ಎರಡೆಕರೆ” ಅಂತ ನೇರವಾಗಿ ಹೇಳುತ್ತಾರೆ. ಉತ್ತರ ಅಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ ಅಂದರೆ ತಪ್ಪಾಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ‘ಏಳು ದಿನದಲ್ಲಿ’ ಅಂತ ಬರೆದರೆ ಮುಗಿಯಿತು.

ಜಮೀನಿನ ಅಳತೆಯಲ್ಲೂ ಒಂದು ಗುಂಡಿ ಇತ್ತು. “ಜಮೀನು ಎಷ್ಟು?” ಅಂತ ಕೇಳಿ ಒಂದೇ ಚೌಕ ಕೊಟ್ಟಿದ್ದಳು. ಒಬ್ಬರು “ಒಂದೂವರೆ” ಅಂದರೆ ಎಕರೆ. “ಇಪ್ಪತ್ತು” ಅಂದರೆ ಗುಂಟೆ. ಪಹಣಿ ನೋಡಿ ಹೇಳುವವರು “ಒಂದು ಇಪ್ಪತ್ತು” ಅನ್ನುತ್ತಾರೆ, ಅಂದರೆ ಒಂದು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಅದು ಒಂದೂವರೆ ಎಕರೆ. ಬರೆದುಕೊಳ್ಳುವವರು 1.20 ಅಂತ ಬರೆಯುತ್ತಾರೆ, ಕಂಪ್ಯೂಟರಿಗೆ ಹಾಕಿದರೆ ಅದು 1.2 ಎಕರೆ ಆಗಿಬಿಡುತ್ತದೆ. 60 ಗುಂಟೆ ಇದ್ದದ್ದು 48 ಆಯಿತು. ಹನ್ನೆರಡು ಗುಂಟೆ ಕಾಗದದ ಮೇಲೆ ಮಾಯ. ಚಿಕ್ಕ ಹಿಡುವಳಿಯವರ ಬಗ್ಗೆಯೇ ಇರುವ ಅಧ್ಯಯನದಲ್ಲಿ ಇದು ಸಣ್ಣ ತಪ್ಪಲ್ಲ. ಎರಡು ಚೌಕ ಕೊಡಬೇಕು: ಎಕರೆ ಒಂದು, ಗುಂಟೆ ಒಂದು.

ಅಸ್ಪಷ್ಟತೆಯಲ್ಲಿ ಕನ್ನಡದಲ್ಲಿ ಬಹಳ ಕಾಡುವ ಒಂದು ವಿಷಯ ಇದೆ. ‘ಇಲ್ಲ’ ಇರುವ ಪ್ರಶ್ನೆ. “ನಿಮ್ಮ ಗದ್ದೆಗೆ ಕಟ್ಟು ನೀರು ಸಿಗುತ್ತಿಲ್ಲವೇ?” ಅಂತ ಹತ್ತೊಂಬತ್ತನೆಯದು. ಕಟ್ಟು ಪದ್ಧತಿ ಅಂದರೆ ನಾಲೆಗೆ ಇಷ್ಟು ದಿನ ನೀರು ಬಿಟ್ಟು ಇಷ್ಟು ದಿನ ನಿಲ್ಲಿಸುವುದು, ನಾಲೆ ಬಯಲಿನವರಿಗೆ ವಿವರಿಸಬೇಕಾಗಿಲ್ಲ. ಈ ಪ್ರಶ್ನೆಗೆ ನಾಲೆ ತುದಿಯ ರೈತರು “ಹೂಂ” ಅನ್ನುತ್ತಾರೆ. ಏನರ್ಥ? ‘ಹೂಂ, ನೀವು ಹೇಳಿದ್ದು ಸರಿ, ಸಿಗುತ್ತಿಲ್ಲ’ ಅಂತ. ಇನ್ನೊಬ್ಬರು “ಇಲ್ಲ” ಅನ್ನುತ್ತಾರೆ. ಅದರರ್ಥವೂ ‘ಇಲ್ಲ, ಸಿಗುತ್ತಿಲ್ಲ’. ಇಬ್ಬರದೂ ಒಂದೇ ಪರಿಸ್ಥಿತಿ, ಒಬ್ಬರದು ‘ಹೌದು’ ಕಾಲಂಗೆ ಹೋಯಿತು, ಇನ್ನೊಬ್ಬರದು ‘ಇಲ್ಲ’ ಕಾಲಂಗೆ. ಮೂರು ಜನ ಕೇಳುವವರಿದ್ದರೆ ಮೂವರೂ ತಮಗೆ ತೋಚಿದ ಹಾಗೆ ಬರೆಯುತ್ತಾರೆ. ಆಮೇಲೆ ಯಾವ ಲೆಕ್ಕ ಹಾಕಿದರೂ ಇದನ್ನು ಬಿಡಿಸಲು ಆಗುವುದಿಲ್ಲ.

ಇದು ಹಳ್ಳಿಯವರ ಗೊಂದಲ ಅಂತ ಯಾರೂ ಅಂದುಕೊಳ್ಳಬಾರದು. 1992ರಲ್ಲಿ ಅಮೆರಿಕದಲ್ಲಿ ಹೆಸರಾಂತ ರೋಪರ್ ಸಂಸ್ಥೆ ಒಂದು ಸರ್ವೆ ಮಾಡಿತು. ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಂದದ್ದು ನಡೆಯಲೇ ಇಲ್ಲ ಅನ್ನುವುದು ನಿಮಗೆ ಸಾಧ್ಯ ಅನ್ನಿಸುತ್ತದೋ ಅಸಾಧ್ಯ ಅನ್ನಿಸುತ್ತದೋ, ಅಂತ ಪ್ರಶ್ನೆ. ‘ನಡೆಯಲೇ ಇಲ್ಲ’ ಅನ್ನುವುದರ ಮೇಲೆ ‘ಅಸಾಧ್ಯ’ ಕೂತಿದೆ ನೋಡಿ. ನೂರಕ್ಕೆ 22 ಜನ ‘ಸಾಧ್ಯ’ ಅಂದರು. ದೇಶವೇ ಬೆಚ್ಚಿಬಿತ್ತು. 1994ರಲ್ಲಿ ಅದೇ ಸಂಸ್ಥೆ ಪ್ರಶ್ನೆಯನ್ನು ಸರಳ ಮಾಡಿ ಮತ್ತೆ ಕೇಳಿತು. ಆಗ ಹಾಗೆ ಅಂದವರು ನೂರಕ್ಕೆ 1. ಜನರ ಮನಸ್ಸಿನಲ್ಲಿ ಇಲ್ಲದ ಸಂಶಯವನ್ನು ವಾಕ್ಯದ ಎರಡು ‘ಇಲ್ಲ’ಗಳೇ ಹುಟ್ಟಿಸಿದ್ದವು.

ಅದಕ್ಕೆ ‘ಇಲ್ಲವೇ’, ‘ಅಲ್ಲವೇ’, ‘ಬಾರದೆ’ ಇರುವ ಪ್ರಶ್ನೆಗಳನ್ನೆಲ್ಲ ಗುರುತು ಹಾಕಿ, “ಸಿಗುತ್ತದಾ, ಸಿಗುವುದಿಲ್ಲವಾ” ಅಂತ ಎರಡನ್ನೂ ಹೇಳಿ ಕೇಳು ಅಂದೆ. ಉತ್ತರದ ಚೌಕದಲ್ಲೂ ‘ಹೌದು / ಇಲ್ಲ’ ಬೇಡ. ‘ಸಿಗುತ್ತದೆ / ಸಿಗುವುದಿಲ್ಲ’ ಅಂತ ಪೂರ್ತಿ ಬರೆ. ಒಂದು ಪದ ಜಾಸ್ತಿ ಬರೆಯಬೇಕು, ಆದರೆ ಗೊಂದಲ ಹೋಗುತ್ತದೆ.

ಇಷ್ಟಾದ ಮೇಲೆ ಇಬ್ಬರೂ ಕೂತು ಏಳನೆಯದನ್ನು ಒಡೆದೆವು. ಅವಳದು ಒಂದಿದ್ದದ್ದು ಐದಾಯಿತು.

“ಹೋದ ಮುಂಗಾರಿನಲ್ಲಿ ನಿಮ್ಮ ಮನೆಯ ಗದ್ದೆಗೆ ನಾಲೆ ನೀರು ಬಂತಾ, ಬರಲಿಲ್ಲವಾ?” ಬಂತು, ಬರಲಿಲ್ಲ, ನಾಲೆ ನೀರಿನ ಗದ್ದೆ ಇಲ್ಲ. ಬಂತು ಅಂದವರಿಗೆ ಮಾತ್ರ ಮುಂದಿನದು.

“ಆ ಮುಂಗಾರಿನಲ್ಲಿ ಯಾವ ಬೆಳೆ ಇಟ್ಟಿದ್ದಿರಿ? ಅದಕ್ಕೆ ಮೊದಲ ಸಲ ನೀರು ಬೇಕಾದಾಗ, ನಾಲೆ ನೀರು ಅದಕ್ಕಿಂತ ಮೊದಲೇ ಬಂದಿತ್ತಾ, ಅದೇ ಹೊತ್ತಿಗೆ ಬಂತಾ, ತಡವಾಗಿ ಬಂತಾ?” ತಡವಾಗಿದ್ದರೆ ಸುಮಾರು ಎಷ್ಟು ದಿನ. (ಬರೆದ ಮೇಲೆ ನೋಡಿದರೆ ಇದೂ ಜೋಡಿ ಪ್ರಶ್ನೆಯೇ. ಬೆಳೆಯದನ್ನು ಬೇರೆ ಮಾಡಿ ಮೊದಲಿಗೆ ತಂದೆವು. ಹೀಗಾಗಿ ಐದು ಆರಾಯಿತು.)

“ನೀರು ಬಿಟ್ಟ ದಿನಗಳಲ್ಲಿ ನಿಮ್ಮ ಗದ್ದೆಯ ಎಷ್ಟು ಭಾಗಕ್ಕೆ ನೀರು ಹಾಯುತ್ತಿತ್ತು?” ಪೂರ್ತಿ, ಮುಕ್ಕಾಲು, ಅರ್ಧ, ಕಾಲು, ಅದಕ್ಕಿಂತ ಕಡಿಮೆ. ‘ಸಾಕಷ್ಟು’ ಅನ್ನುವ ಪದ ಇಲ್ಲಿ ಬೇಕಾಗಲೇ ಇಲ್ಲ.

“ಅದಕ್ಕೆ ಹಿಂದಿನ ಮುಂಗಾರಿಗೆ ಹೋಲಿಸಿದರೆ ಆ ಬೆಳೆಯ ಇಳುವರಿ ಹೆಚ್ಚಾಯಿತಾ, ಅಷ್ಟೇ ಇತ್ತಾ, ಕಡಿಮೆಯಾಯಿತಾ?” ಆ ಬೆಳೆ ಹಿಂದೆ ಇಟ್ಟಿರಲಿಲ್ಲ ಅನ್ನುವವರಿಗೂ ಒಂದು ಚೌಕ.

ಕಡಿಮೆಯಾಯಿತು ಅಂದವರಿಗೆ ಕೊನೆಯದು: “ಯಾಕೆ ಕಡಿಮೆಯಾಯಿತು ಅನ್ನಿಸುತ್ತದೆ?” ಇದಕ್ಕೆ ಉತ್ತರಗಳ ಪಟ್ಟಿ ಇಲ್ಲ. ಖಾಲಿ ಗೆರೆ ಮಾತ್ರ. ಈಗ ಯಾರಾದರೂ “ನೀರು ತಡವಾಯ್ತು ಕಣವ್ವ” ಅಂದರೆ ಅದು ಅವರದೇ ಮಾತು. ಆ ಮಾತಿನ ಮೇಲೆ ಅವಳು ತನ್ನ ವಾಕ್ಯ ಬರೆಯಬಹುದು.

ಹೀಗೆ ಒಡೆದರೆ ಪ್ರಶ್ನಾವಳಿ ಉದ್ದವಾಗುತ್ತದೆ, ಇದು ನಿಜವಾದ ಕಷ್ಟ. ಮುಕ್ಕಾಲು ಗಂಟೆ ದಾಟಿದರೆ ಕೂತವರು ಎದ್ದು ಹೋಗಲು ನೋಡುತ್ತಾರೆ, ಕೊನೆಯ ಪ್ರಶ್ನೆಗಳಿಗೆ ಸುಮ್ನೆ “ಹೂಂ ಹೂಂ” ಬರುತ್ತದೆ. ಅದಕ್ಕೇ ನಾನು ಮೊದಲು ಕೇಳಿದ್ದು, ಕೊನೆಗೆ ಬರೆಯಬೇಕಾದ ವಾಕ್ಯ ಯಾವುದು ಅಂತ. ಆ ವಾಕ್ಯಕ್ಕೆ ಬೇಕಾಗದ ಒಂಬತ್ತು ಪ್ರಶ್ನೆ ಕರಡಿನಲ್ಲಿದ್ದವು. ಟಿ.ವಿ. ಇದೆಯಾ, ಯಾವ ಪೇಪರ್ ಓದುತ್ತೀರಿ, ಹೀಗೆ. ಹಳೆಯ ಯಾವುದೋ ಪ್ರಶ್ನಾವಳಿಯಿಂದ ಬಂದು ಸೇರಿಕೊಂಡವು. ಅವನ್ನು ತೆಗೆದು ಈ ಐದಾರಕ್ಕೆ ಜಾಗ ಮಾಡಿದೆವು.

ಕಾಮೆಂಟ್ ಬರೆಯುವ ಬಗ್ಗೆಯೂ ಒಂದು ಮಾತು. ‘ಇದು ಸರಿಯಿಲ್ಲ’, ‘ಲೀಡಿಂಗ್’ ಅಂತ ಬರೆದು ಬಿಟ್ಟರೆ ಕಳಿಸಿದವರಿಗೆ ಉಪಯೋಗವಿಲ್ಲ, ನೋವು ಮಾತ್ರ. ನಾನು ಪ್ರತಿ ಪ್ರಶ್ನೆಯ ಪಕ್ಕದಲ್ಲಿ ತಪ್ಪಾಗಿ ಉತ್ತರಿಸಬಹುದಾದ ಒಬ್ಬ ಮನುಷ್ಯನನ್ನು ಬರೆಯುತ್ತೇನೆ. ‘ಬೋರ್‌ವೆಲ್ ಇರುವವರು ಇಲ್ಲಿ ಏನು ಹೇಳಬೇಕು?’ ‘ಎರಡು ಎಕರೆ ವಾರಕ್ಕೆ ಮಾಡುವವರಿಗೆ ಇದು ಹೇಗೆ ಕೇಳುತ್ತದೆ?’ ಆಗ ತಿದ್ದುವುದು ಹೇಗೆ ಅಂತ ಅವರಿಗೇ ಹೊಳೆಯುತ್ತದೆ.

ಮುಂದಿನ ಭಾನುವಾರ ತಿದ್ದಿದ ಕರಡು ಹಿಡಿದು ಅವಳು ಊರಿಗೆ ಬಂದಳು. ಸರ್ವೆ ಮಾಡದ ಪಕ್ಕದ ಊರಿನಲ್ಲಿ ಆರು ಜನರ ಮೇಲೆ ಪರೀಕ್ಷೆ ಮಾಡಿದೆವು. ಉತ್ತರ ಮುಖ್ಯ ಅಲ್ಲ ಇಲ್ಲಿ. ಪ್ರಶ್ನೆ ಕೇಳಿದ ಮೇಲೆ “ಈಗ ನಾನು ಏನು ಕೇಳಿದೆ, ನಿಮ್ಮ ಮಾತಲ್ಲಿ ಹೇಳಿ” ಅಂತ ಕೇಳುವುದು. ಅವರು ತಡೆದು ನಿಂತರೆ, “ಏನಂದ್ರಿ?” ಅಂತ ತಿರುಗಿ ಕೇಳಿದರೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಟ್ಟರೆ ಪಕ್ಕದಲ್ಲಿ ಗುರುತು ಹಾಕುವುದು. ಆರಕ್ಕೆ ಆರೂ ಜನ ಒಂದೇ ಉತ್ತರ ಕೊಟ್ಟರೂ ಗುರುತು ಹಾಕುವುದು.

ನಾಲ್ಕನೆಯವರು ಒಬ್ಬ ಹಿರಿಯರು. “ನಾಲೆ ನೀರು ಬಂತಾ?” ಅಂದರೆ “ನಮ್ಗೆ ನಾಲೆ ನೀರಿಲ್ಲ ಕಣವ್ವ, ಕೆರೆ ನೀರು” ಅಂದರು. ಅವಳು ‘ನಾಲೆ ನೀರಿನ ಗದ್ದೆ ಇಲ್ಲ’ ಅಂತ ಗುರುತು ಹಾಕಲು ಹೊರಟಿದ್ದಳು. ಕೆರೆಗೆ ನೀರು ಎಲ್ಲಿಂದ ಅಂತ ನಾನು ಕೇಳಿದೆ. “ನಾಲೆಯಿಂದ್ಲೇ, ಇನ್ನೆಲ್ಲಿಂದ?” ಅಂದರು. ನಾನೂ ಅವಳೂ ಎರಡು ದಿನ ಕೂತು ತಿದ್ದಿದ ಪ್ರಶ್ನೆ ಅಲ್ಲಿ ಮತ್ತೆ ಬಿಚ್ಚಿಕೊಂಡಿತು. ಮನೆಯಲ್ಲಿ ಕೂತು ಎಷ್ಟು ಓದಿದರೂ ಇದು ನಮಗೆ ಕಾಣುತ್ತಿರಲಿಲ್ಲ. ‘ನಾಲೆಯಿಂದ ನೇರವಾಗಿ’, ‘ನಾಲೆ ನೀರು ತುಂಬುವ ಕೆರೆಯಿಂದ’ ಅಂತ ಎರಡು ಆಯ್ಕೆ ಸೇರಿದವು.

ಒಂದನ್ನು ಮಾತ್ರ ಸರಿ ಮಾಡಲು ಆಗಲಿಲ್ಲ. ತಮ್ಮ ತೂಬಿಗೆ ನೀರು ಬಿಡಿಸಿಕೊಳ್ಳಲು ಯಾರಿಗಾದರೂ ಹಣ ಕೊಡುತ್ತಾರಾ ಅನ್ನುವ ಪ್ರಶ್ನೆ. “ಕೊಡುತ್ತೀರಾ?” ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. “ಎಷ್ಟು ಕೊಡುತ್ತೀರಿ?” ಅಂದರೆ ಕೊಟ್ಟೇ ಕೊಡುತ್ತಾರೆ ಅಂತ ನಾವೇ ತೀರ್ಮಾನಿಸಿದ ಹಾಗೆ. ಜನ ಹೇಳಲು ಹಿಂಜರಿಯುವ ವಿಷಯದಲ್ಲಿ ಕೆಲವರು ಬೇಕೆಂದೇ ಎರಡನೆಯ ರೀತಿ ಕೇಳುತ್ತಾರೆ, ‘ಇಲ್ಲ’ ಅನ್ನುವ ಸುಲಭದ ದಾರಿ ಮುಚ್ಚಲಿ ಅಂತ. ಅದಕ್ಕೆ ಬೆಲೆಯೂ ಇದೆ: ಕೊಡದೇ ಇರುವವರಿಗೆ ಸಿಟ್ಟು ಬರುತ್ತದೆ, ಮುಂದಿನ ಪ್ರಶ್ನೆಗಳು ಕೆಡುತ್ತವೆ. ಆರು ಜನರಲ್ಲಿ ಇಬ್ಬರು ಆ ಪ್ರಶ್ನೆ ಬಂದ ಕೂಡಲೇ ಸುತ್ತ ನೋಡಿದರು. ಜಗುಲಿ ಮೇಲೆ ಅಕ್ಕಪಕ್ಕದವರು ಕೂತಿದ್ದರು. ಪದ ಎಷ್ಟು ತಿದ್ದಿದರೂ ಕೇಳುವ ಜಾಗ ತಪ್ಪಿದ್ದರೆ ಏನು ಪ್ರಯೋಜನ? ಅದನ್ನು ಪ್ರಶ್ನಾವಳಿಯಿಂದ ತೆಗೆದೆವು. ನಾಲ್ಕೈದು ಜನರ ಜೊತೆ ಅವರ ಗದ್ದೆಯ ಬದುವಿನ ಮೇಲೆ ಕೂತು ಬೇರೆಯಾಗಿ ಮಾತಾಡುವುದು ಅಂತ ಆಯಿತು.

ಮೊನ್ನೆ ಮೂರನೇ ಕರಡು ಬಂತು. ಈ ಸಲ ‘ರಿವ್ಯೂ’ ಅಂತ ಇರಲಿಲ್ಲ. “ಮಾವ, 9 ಮತ್ತು 12ರಲ್ಲಿ ‘ಹೋದ ಮುಂಗಾರು’ ಅಂತ ಇದೆ. ನಾವು ಕೇಳೋ ಹೊತ್ತಿಗೆ ಈ ಸಲದ ನಾಟಿ ಶುರುವಾಗಿದ್ರೆ ಯಾವ ಮುಂಗಾರು ಅಂತ ಅಂದ್ಕೊಳ್ತಾರೆ? ಅದೊಂದು ನೋಡಿ ಸಾಕು” ಅಂತ ಬರೆದಿದ್ದಳು. ನೋಡಿದೆ. ಹಳೆಯ ಏಳನೆಯದನ್ನು ಒಡೆದು ಬರೆಯುವಾಗ ‘ಹೋದ ಮುಂಗಾರು’ ಅಂತ ಹಾಕಿದ್ದು ನಾನೇ. “ಹೋದ ದಸರಾ ಹೊತ್ತಿಗೆ ಗದ್ದೆಯಲ್ಲಿದ್ದ ಬೆಳೆ” ಅಂತ ಬದಲಾಯಿಸು ಅಂತ ಉತ್ತರ ಕಳಿಸಿದ್ದೇನೆ.